ಮುತ್ತಿಗೆ ನೀರೆಲ್ಲಿಯದು?

‘ಮೂಡಲ ಮನೆಯ’ ಎಂದು ಆರಂಭವಾಗುವ ಚಿತ್ರಗೀತೆಯನ್ನು ಸೂರ್ಯೋದಯದ ವರ್ಣನೆ ಎಂದು ಹೇಳಿ ಮುಂದೆ ಸಾಗುವುದು ತರಗತಿಗಳ ರೂಢಿ. ಈ ರೂಢಿಯಿಂದ ಕವಿತೆಗೆ ನಷ್ಟವಾಗಿದೆ. ಪುಟ್ಟಣ್ಣ ಕಣಗಾಲರ ‘ಬೆಳ್ಳಿಮೋಡ’ (1967) ಚಿತ್ರಕ್ಕಾಗಿ ವಿಜಯಭಾಸ್ಕರರು ರಾಗ ಹಾಕಿದ ಈ ಹಾಡು ಮೂಲತಃ ದ.ರಾ. ಬೇಂದ್ರೆಯವರ ‘ಬೆಳಗು’ ಎಂಬ ಕವಿತೆ. ‘ಗರಿ’ (1932) ಸಂಕಲನದ್ದು. ರಾಗದ ಮಾಧುರ್ಯದಲ್ಲಿ ಪದಗಳು ಸರಿದುಹೋಗುತ್ತವೆ, ಅವುಗಳ ಎರಡನೆಯ ಅರ್ಥ ಕಿವಿಯಲ್ಲಿ ನಿಲ್ಲುವುದೇ ಇಲ್ಲ.

ಮೊದಲ ನುಡಿಯಲ್ಲಿ ಮುತ್ತಿನ ನೀರನ್ನು ಎರಕ ಹೊಯ್ಯುವ ಮಾತು ಬರುತ್ತದೆ. ಎರಕವೆಂದರೆ ಕಂಚುಗಾರನ ಕೆಲಸ: ಕರಗಿದ ಲೋಹವನ್ನು ಅಚ್ಚಿಗೆ ಸುರಿಯುವುದು. ಅದಕ್ಕೆ ಕುದಿಯುವ ದ್ರವ ಬೇಕು. ಮುಂಜಾವಿನ ಬೆಳಕಾದರೋ ತಂಪು. ಈ ವಿರೋಧವನ್ನು ‘ನೀರು’ ಎಂಬ ಪದವೇ ಪರಿಹರಿಸುತ್ತದೆ. ಆದರೆ ಮುತ್ತಿಗೆ ನೀರೆಲ್ಲಿಯದು? ಮರಾಠಿಯಲ್ಲಿ ಮುತ್ತಿನ ‘ಪಾಣಿ’ ಎಂದರೆ ಅದರ ಹೊಳಪು. ಬೇಂದ್ರೆಯವರ ಮನೆಮಾತು ಮರಾಠಿ ಎಂಬುದನ್ನು ನೆನೆದರೆ, ನೀರು ಇಲ್ಲಿ ಜಲವೂ ಹೌದು, ಕಾಂತಿಯೂ ಹೌದು ಎಂಬುದು ಸ್ಪಷ್ಟ. ತುಳು, ಮಲಯಾಳ, ಕೊಂಕಣಿ, ಮರಾಠಿಗಳು ಒಂದೇ ಅಂಗಳದಲ್ಲಿ ಕೇಳಿಬರುವ ಪೈವಳಿಕೆಯಂಥ ಊರಿನಲ್ಲಿ ಮರಾಠಿ ಮನೆಯ ವಿದ್ಯಾರ್ಥಿಯೊಬ್ಬ ಈ ಅರ್ಥವನ್ನು ಕನ್ನಡ ನಿಘಂಟಿನ ಹಂಗಿಲ್ಲದೆ ಮುಟ್ಟಬಲ್ಲ. ಮನೆಮಾತನ್ನು ಕನ್ನಡದ ತೊಡಕೆಂದು ಭಾವಿಸುವ ಅಧ್ಯಾಪಕರು ಇದನ್ನು ಗಮನಿಸಬೇಕು.

ಹಳಗನ್ನಡದಲ್ಲಿ ‘ಎರಕ’ಕ್ಕೆ ಪ್ರೀತಿ ಎಂಬ ಅರ್ಥವೂ ಉಂಟು, ‘ಮುತ್ತು’ ಚುಂಬನವೂ ಆಗುತ್ತದೆ. ಇದು ಅತಿಯಾದ ಓದಲ್ಲವೇ ಎಂದು ಕೇಳುವವರಿಗೆ ಉತ್ತರ ಕವಿತೆಯ ಕೊನೆಯಲ್ಲಿದೆ. ಬೆಳಗು ಬರಿಯ ಬೆಳಗಲ್ಲವೆಂದು ಹೇಳಿ, ಶಾಂತಿರಸವೇ ಪ್ರೀತಿಯಿಂದ ಮೈದೋರಿದ ಬಗೆಯನ್ನು ಕವಿ ಅಲ್ಲಿ ಸೂಚಿಸುತ್ತಾರೆ. ಎರಕದಲ್ಲಿ ಅಡಗಿದ್ದ ಪ್ರೀತಿ ಅಲ್ಲಿ ಬಯಲಾಗುತ್ತದೆ. ‘ರಸ’ವೂ ಇಬ್ಬಗೆಯದು: ಅಲಂಕಾರಶಾಸ್ತ್ರದ ಶಾಂತರಸ ಒಂದು, ಅಚ್ಚಿಗೆ ಸುರಿದ ದ್ರವ ಇನ್ನೊಂದು. ಮೊದಲು ಹೊಯ್ದದ್ದು ಕೊನೆಗೆ ಮೂರ್ತಿಯಾಗಿ ನಿಂತಂತೆ.

ನಡುವೆ ಹಕ್ಕಿಗಳ ಹಾಡು ಹೊರಡುವುದು ಗಿಡಗಂಟೆಯ ಕೊರಳಿನಿಂದ. ಪೊದೆ ಎಂಬರ್ಥದ ರೂಢಿಯ ಪದ ‘ಗಿಡಗಂಟಿ’. ‘ಗಂಟೆ’ ಎಂದೊಡನೆ ಪೊದೆಯೊಳಗೆ ಘಂಟಾನಾದವೂ ಕೇಳುತ್ತದೆ, ಪಕ್ಕದಲ್ಲಿರುವ ಕೊರಳು ಅದಕ್ಕೆ ಸಾಕ್ಷಿ. ಒಂದೇ ಸ್ವರದ ವ್ಯತ್ಯಾಸವಾದ್ದರಿಂದ, ಹಾಡನ್ನು ಕೇಳುವವರು ಒಮ್ಮೆಯಾದರೂ ಮುದ್ರಿತ ಪಾಠವನ್ನು ಮುಂದಿಟ್ಟುಕೊಳ್ಳುವುದು ಲೇಸು.

ಹೀಗೆಂದು ಸಿಕ್ಕಸಿಕ್ಕಲ್ಲಿ ಶ್ಲೇಷೆ ಹುಡುಕುವ ಚಪಲಕ್ಕೆ ಎಡೆಗೊಡಬಾರದು. ಬೆಳಕು ‘ಹರಿ’ಯುವಲ್ಲಿ ವಿಷ್ಣುವನ್ನು ಕಾಣುವುದು ಸುಲಭ. ಆದರೆ ಅಲ್ಲಿರುವುದು ಕ್ರಿಯಾಪದ. ನಾಮಪದವೆಂದು ಓದಿದರೆ ವಾಕ್ಯವೇ ಕುಸಿಯುತ್ತದೆ. ಕವಿತೆಯಲ್ಲಿ ದೇವನ ಹೆಸರು ಬೇರೆ ಮಾತಿನಲ್ಲಿ ಬಂದಿರುವುದೊಂದೇ ಆ ಓದಿಗೆ ಆಧಾರವಾಗಲಾರದು.