ಒಂದೇ ಖಾತೆ, ಎರಡು ರಿಟರ್ನ್

"ನಂದು XIRR 18 ಪರ್ಸೆಂಟ್, ನಿಂದೆಷ್ಟು?" ಹಾಸ್ಟೆಲ್ ವಾಟ್ಸ್ಯಾಪ್ ಗ್ರೂಪಿನಲ್ಲಿ ಈಗ ಇದೂ ಒಂದು ಪಂದ್ಯ. ಈ ಪಂದ್ಯಕ್ಕೆ ಅರ್ಥವೇ ಇಲ್ಲ ಅನ್ನೋದು ನನ್ನ ವಾದ. ಯಾಕಂದ್ರೆ ಆ ಒಂದು ನಂಬರಿನಲ್ಲಿ ಎರಡು ವಿಷಯ ಕಲಸಿಹೋಗಿವೆ: ಫಂಡ್ ಹೇಗೆ ಓಡಿತು ಅನ್ನೋದು, ಮತ್ತು ನಮ್ಮ ದುಡ್ಡು ಅದರೊಳಗೆ ಯಾವಾಗ ಎಷ್ಟಿತ್ತು ಅನ್ನೋದು.

ನನ್ನ ಸ್ಟೇಟ್‌ಮೆಂಟನ್ನೇ ತಗೊಳ್ಳಿ. ಒಂದೇ ಇಂಡೆಕ್ಸ್ ಫಂಡ್, ಗ್ರೋತ್ ಆಯ್ಕೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡು ಮಾಡಿದ್ದೇನೆ.

2024ರ ಜನವರಿ 1ರಂದು ಎನ್‌ಎವಿ 50 ರೂಪಾಯಿ ಇತ್ತು. 20,000 ಹಾಕಿದೆ, 400 ಯೂನಿಟ್ ಬಂತು. ಜುಲೈ 1ಕ್ಕೆ ಎನ್‌ಎವಿ 60. ಸ್ಕಾಲರ್‌ಶಿಪ್ ಬಂದಿದ್ದರಿಂದ 36,000 ಹಾಕಿದೆ, ಒಟ್ಟು 1,000 ಯೂನಿಟ್ ಆಯ್ತು. ಅಕ್ಟೋಬರ್ 1ಕ್ಕೆ ಎನ್‌ಎವಿ 54ಕ್ಕೆ ಇಳಿದಿತ್ತು. ಫೀಸ್ ಕಟ್ಟಲು 500 ಯೂನಿಟ್ ಮಾರಿ 27,000 ತೆಗೆದೆ. ಡಿಸೆಂಬರ್ 31ಕ್ಕೆ ಎನ್‌ಎವಿ 56.70, ಉಳಿದ 500 ಯೂನಿಟ್‌ಗಳ ಬೆಲೆ 28,350.

ಮೊದಲು ಟೈಮ್-ವೇಯ್ಟೆಡ್ ರಿಟರ್ನ್. ದುಡ್ಡು ಒಳಗೆ ಬಂದ ಅಥವಾ ಹೊರಗೆ ಹೋದ ಪ್ರತಿ ದಿನಕ್ಕೂ ವರ್ಷವನ್ನು ತುಂಡು ಮಾಡಬೇಕು. ಪ್ರತಿ ತುಂಡಿನ ಬೆಳವಣಿಗೆಯನ್ನು ಬೇರೆಯಾಗಿ ನೋಡಿ ಗುಣಿಸಬೇಕು. ಇಲ್ಲಿ 20% ಏರಿಕೆ, 10% ಇಳಿಕೆ, ಮತ್ತೆ 5% ಏರಿಕೆ:

```
1.20 × 0.90 × 1.05 = 1.134
```

ಅಂದರೆ 13.4% ಲಾಭ. ಒಂದೇ ಫಂಡ್ ಆದ್ದರಿಂದ ತಾಳೆ ನೋಡೋದು ಸುಲಭ: 56.70 ಭಾಗಿಸು 50, ಅದೂ 1.134. ತಾಳೆಯಾಗದಿದ್ದರೆ ಎಲ್ಲೋ ಹಾಕಿದ ದುಡ್ಡನ್ನೇ ಲಾಭ ಅಂತ ಎಣಿಸಿದ್ದೀರಿ ಅಂತ ಅರ್ಥ. ಜುಲೈ 1ರ ಬೆಲೆಯನ್ನು ಹೊಸ ದುಡ್ಡು ಸೇರುವ ಮುಂಚಿನ 24,000 ಅಂತಲೇ ತಗೋಬೇಕು. ಸೇರಿದ ಮೇಲಿನ 60,000 ತಗೊಂಡರೆ ಆರು ತಿಂಗಳಲ್ಲಿ ದುಡ್ಡು ಮೂರು ಪಟ್ಟಾಯ್ತು ಅಂತ ಬರುತ್ತೆ!

ಈಗ ಮನಿ-ವೇಯ್ಟೆಡ್ ರಿಟರ್ನ್. ಇದರ ಪ್ರಶ್ನೆಯೇ ಬೇರೆ: ಇದೇ ದಿನಗಳಲ್ಲಿ ಇದೇ ಮೊತ್ತಗಳನ್ನು ಒಂದೇ ಬಡ್ಡಿದರದ ಬ್ಯಾಂಕ್ ಖಾತೆಗೆ ಹಾಕಿ, ತೆಗೆದು ಮಾಡಿದ್ದರೆ, ಕೊನೆಗೆ 28,350 ಉಳಿಯಲು ಬಡ್ಡಿ ಎಷ್ಟಿರಬೇಕಿತ್ತು? ಹಾಕಿದ್ದಕ್ಕೆ ಮೈನಸ್, ತೆಗೆದಿದ್ದಕ್ಕೆ ಪ್ಲಸ್, ಕೊನೆಯ ಬೆಲೆಯನ್ನೂ ಅಂದೇ ತೆಗೆದಂತೆ ಬರೆದು ಶೀಟಿಗೆ ಕೊಡಿ:

```
2024-01-01   -20000
2024-07-01   -36000
2024-10-01    27000
2024-12-31    28350
=XIRR(B1:B4, A1:A4)
```

ಉತ್ತರ ಸುಮಾರು ಮೈನಸ್ 2.1%. ಸರಿಯಾಗಿಯೇ ಇದೆ, ಯಾಕಂದ್ರೆ ಹಾಕಿದ್ದು ಒಟ್ಟು 56,000, ಸಿಕ್ಕಿದ್ದು 55,350. ಜೇಬಿನಿಂದ 650 ಹೋಗಿದೆ.

ಫಂಡ್ 13.4% ಏರಿದೆ, ನನಗೆ ನಷ್ಟ. ಎರಡೂ ನಿಜ. 20% ಏರಿದಾಗ ನನ್ನ ಹತ್ರ ಇದ್ದದ್ದು 400 ಯೂನಿಟ್ ಅಷ್ಟೇ, ಬಂದದ್ದು 4,000. 10% ಇಳಿದಾಗ 1,000 ಯೂನಿಟ್ ಇತ್ತು, ಹೋದದ್ದು 6,000. ಕೊನೆಯ 5% ಏರಿಕೆಗೆ 500 ಯೂನಿಟ್, ಬಂದದ್ದು 1,350. ಕೂಡಿ ಕಳೆದರೆ ಅದೇ 650.

ಹಾಗಾದ್ರೆ ಯಾವುದನ್ನು ನಂಬೋದು? ಪ್ರಶ್ನೆ ನೋಡಿಕೊಂಡು ಆರಿಸಬೇಕು. ಫಂಡ್ ಚೆನ್ನಾಗಿದೆಯಾ, ಇಂಡೆಕ್ಸಿನ ಜೊತೆ ಸರಿಯಾಗಿ ಓಡಿದೆಯಾ ಅನ್ನೋದಕ್ಕೆ ಟೈಮ್-ವೇಯ್ಟೆಡ್. ದುಡ್ಡು ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅನ್ನೋದು ಫಂಡ್ ಮ್ಯಾನೇಜರ್ ಕೈಯಲ್ಲಿಲ್ಲ. ಅದಕ್ಕೇ ಪೋರ್ಟ್‌ಫೋಲಿಯೋ ಮ್ಯಾನೇಜರ್‌ಗಳು ತಮ್ಮ ಸಾಧನೆಯನ್ನು ಟೈಮ್-ವೇಯ್ಟೆಡ್ ಲೆಕ್ಕದಲ್ಲೇ ತೋರಿಸಬೇಕು ಅಂತ ಸೆಬಿ 2020ರಲ್ಲಿ ನಿಯಮ ಮಾಡಿತು. ನನ್ನ ದುಡ್ಡಿಗೆ ಕೊನೆಗೆ ಏನಾಯ್ತು ಅನ್ನೋದಕ್ಕೆ ಮನಿ-ವೇಯ್ಟೆಡ್. ಆದರೆ ಅದು ಕಮ್ಮಿ ಬಂತು ಅಂತ "ನಿಂಗೆ ಟೈಮಿಂಗ್ ಗೊತ್ತಿಲ್ಲ" ಅನ್ನೋದು ಅನ್ಯಾಯ. ನನ್ನ ತಾರೀಖುಗಳನ್ನು ಸ್ಕಾಲರ್‌ಶಿಪ್ ಮತ್ತು ಫೀಸಿನ ಕೊನೇ ದಿನ ತೀರ್ಮಾನ ಮಾಡಿದವು. ನಮ್ಮಂಥ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನರ ಕಥೆ ಇದೇ.

ಇನ್ನೊಂದು ಎಚ್ಚರಿಕೆ. XIRR ಯಾವಾಗಲೂ ವಾರ್ಷಿಕ ದರ ಕೊಡುತ್ತೆ. ಒಂದೇ ತಿಂಗಳಲ್ಲಿ 3% ಬಂದರೆ, ಇಡೀ ವರ್ಷ ಹಾಗೇ ಬೆಳೆದಂತೆ ಹಿಡಿದು 42%ಗೂ ಹೆಚ್ಚು ತೋರಿಸುತ್ತೆ. ಹೂಡಿಕೆ ಶುರುವಾಗಿ ವರ್ಷ ತುಂಬದಿದ್ದರೆ ಆ ನಂಬರ್ ಬಿಡಿ, ಎಷ್ಟು ರೂಪಾಯಿ ಬಂತು, ಎಷ್ಟು ಹೋಯ್ತು ಅಷ್ಟನ್ನೇ ನೋಡಿ.

ಸ್ಟೇಟ್‌ಮೆಂಟಿನಲ್ಲಿ ತಾರೀಖು, ಮೊತ್ತ, ಎನ್‌ಎವಿ, ಯೂನಿಟ್ ನಾಲ್ಕೂ ಇರುತ್ತವೆ. ಹತ್ತು ನಿಮಿಷದ ಕೆಲಸ. ಫಂಡ್ ಬದಲಾಯಿಸಬೇಕು ಅನ್ನಿಸಿದಾಗ ಮೊದಲು ಎರಡೂ ನಂಬರ್ ತೆಗೆಯಿರಿ. ಟೈಮ್-ವೇಯ್ಟೆಡ್ ಚೆನ್ನಾಗಿದ್ದು XIRR ಮಾತ್ರ ಕೆಟ್ಟಿದ್ದರೆ ಫಂಡನ್ನು ಬೈದು ಉಪಯೋಗವಿಲ್ಲ. ಮುಂದಿನ ಸೆಮಿಸ್ಟರ್ ಫೀಸಿನ ದುಡ್ಡನ್ನು ಶೇರು ಮಾರುಕಟ್ಟೆಯಲ್ಲಿ ಇಡಬೇಕಾ ಅನ್ನೋದೇ ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ.