ಬಾಯಲ್ಲಿ ‘ಸಾಲ ಚುಕ್ತಾ’, ಪತ್ರದಲ್ಲಿ ಮಾತ್ರ ಬೇರೆ

ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಹಳೇ ಸಾಲದ ಒಟಿಎಸ್ ಪತ್ರ ಕೈಗೆ ಬಂದ ಕೂಡಲೇ ಎಲ್ಲರೂ ನೋಡುವುದು ಮೊತ್ತವನ್ನು. ವಸೂಲಿಗೆ ಬಂದವರೂ ಅದನ್ನೇ ತೋರಿಸುತ್ತಾರೆ. ನಾವು ಹೇಳುವುದು, ಮೊತ್ತ ಆಮೇಲೆ ನೋಡಿ, ಮೊದಲು ಷರತ್ತು ಓದಿ.

ಒಂದು ಲೆಕ್ಕ ಹಾಕೋಣ. ಶುಂಠಿಗೆಂದು ಮಾಡಿದ ಸಾಲ ಬಡ್ಡಿ ಸೇರಿ 2,40,000 ರೂಪಾಯಿ ಆಗಿದೆ. 1 ಲಕ್ಷಕ್ಕೆ ಮುಗಿಸೋಣ ಎಂದು ಪತ್ರ ಬಂತು, ಮಾರ್ಚ್ 31 ಗಡುವು. ರೈತರು ಗಡುವಿನೊಳಗೆ 80 ಸಾವಿರ ಕಟ್ಟಿದರು. ಉಳಿದ 20 ಸಾವಿರ ಹೊಂದಿಸುವಷ್ಟರಲ್ಲಿ ಏಪ್ರಿಲ್ 4 ಆಯಿತು. ಕೌಂಟರಿನಲ್ಲಿ ಹಣ ತಗೊಂಡರು, ರಸೀದಿಯನ್ನೂ ಕೊಟ್ಟರು. ರೈತರು ಸಾಲ ತೀರಿತು ಅಂದುಕೊಂಡರು. ಆದರೆ ಪತ್ರದ ಕೊನೆಯಲ್ಲಿ ‘ಗಡುವು ತಪ್ಪಿದರೆ ರಿಯಾಯಿತಿ ರದ್ದು, ಕಟ್ಟಿದ ಹಣ ಬಾಕಿಗೆ ಜಮಾ’ ಎಂಬ ಸಾಲು ಇತ್ತು. ಹಾಗಾಗಿ ಇನ್ನೂ 1,40,000 ರೂಪಾಯಿ ಬಾಕಿ, ಮೇಲೆ ಬಡ್ಡಿ. ನಾಲ್ಕು ದಿನಕ್ಕೆ ಇಷ್ಟು ದಂಡ! ಹಣ ಬಂತು ಅನ್ನುವುದಕ್ಕಷ್ಟೇ ರಸೀದಿ ಸಾಕ್ಷಿ, ಗಡುವು ಮುಂದೆ ಹೋಯಿತು ಅನ್ನುವುದಕ್ಕಲ್ಲ.

ಕೋರ್ಟಿಗೆ ಹೋದರಾಯಿತು ಅನ್ನಬೇಡಿ. ಬ್ಯಾಂಕ್ ಒಪ್ಪದೆ ಒಟಿಎಸ್ ಗಡುವನ್ನು ಹೈಕೋರ್ಟ್ ವಿಸ್ತರಿಸುವಂತಿಲ್ಲ ಎಂದು ಅರವಿಂದ್ರ ಎಲೆಕ್ಟ್ರಾನಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ದಿನ ಬೇಕಿದ್ದರೆ ಗಡುವು ಮುಗಿಯುವ ಮೊದಲೇ ಅರ್ಜಿ ಕೊಟ್ಟು ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಏಜೆಂಟರ ವಾಟ್ಸಾಪ್ ಮೆಸೇಜು ನಂಬಿ ಕೂರಬೇಡಿ.

ಇನ್ನೂ ಕೆಟ್ಟ ಪತ್ರವೊಂದಿದೆ. ಅದರಲ್ಲಿ ‘ಇಷ್ಟು ಹಣ ಪಾವತಿಸಿ’ ಎಂದಿರುತ್ತದೆ, ಉಳಿದದ್ದು ಏನಾಗುತ್ತದೆ ಎಂಬ ಮಾತೇ ಇರುವುದಿಲ್ಲ. ರಿಸರ್ವ್ ಬ್ಯಾಂಕ್ 2023ರ ಜೂನ್ 8ರ ಸುತ್ತೋಲೆಯಲ್ಲಿ ರಾಜಿ ಇತ್ಯರ್ಥ ಎಂದರೆ ಸಾಲಗಾರನ ಮೇಲಿನ ಹಕ್ಕನ್ನು ಪೂರ್ತಿಯಾಗಿ ತೀರಿಸಿಕೊಳ್ಳುವ ಒಪ್ಪಂದ ಎಂದೇ ಹೇಳಿದೆ. ಹಾಗಿದ್ದ ಮೇಲೆ ಅದನ್ನು ಬರೆದುಕೊಡಲು ಇವರಿಗೇನು ಕಷ್ಟ? ಈ ಅರ್ಥದ ಸಾಲು ಪತ್ರದಲ್ಲೇ ಇರಲಿ ಎಂದು ಕೇಳಿ:

‘ಸಾಲ ಖಾತೆ ಸಂಖ್ಯೆ ____ಕ್ಕೆ ____ ರೂಪಾಯಿಯನ್ನು ____ ದಿನಾಂಕದೊಳಗೆ ಪಾವತಿಸಿದರೆ ಅದು ಪೂರ್ಣ ಮತ್ತು ಅಂತಿಮ ಇತ್ಯರ್ಥ. ಉಳಿದ ಅಸಲು, ಬಡ್ಡಿ, ಖರ್ಚು ಮನ್ನಾ. ಸಾಲಗಾರ, ಜಾಮೀನುದಾರರ ಮೇಲೆ ಮುಂದೆ ಯಾವ ಬಾಕಿಯನ್ನೂ ಕೇಳುವುದಿಲ್ಲ.’

ಜಾಮೀನುದಾರರ ಹೆಸರು ಬಿಟ್ಟರೆ ನಾಳೆ ನೋಟಿಸು ಭಾವನ ಮನೆಗೆ ಹೋದೀತು. ಕೋರ್ಟಿನಲ್ಲಿ ದಾವೆ ಇದ್ದರೆ ಅದನ್ನು ವಾಪಸ್ ಪಡೆಯುವ ಮಾತು, ಜಮೀನು ಅಡವಿದ್ದರೆ ಪಹಣಿಯ 11ನೇ ಕಲಮಿನಲ್ಲಿರುವ ಋಣ ತೆಗೆಸುವ ಮಾತು ಕೂಡ ಪತ್ರದಲ್ಲಿ ಬೇಕು. ಹಣ ಕಟ್ಟಿದ ಮೇಲೆ ನೋ ಡ್ಯೂ ಪತ್ರ ಪಡೆಯದೆ ಸುಮ್ಮನಾಗಬೇಡಿ. ಸಿಬಿಲ್‌ನಲ್ಲಿ ಮಾತ್ರ ಇದು ಪೂರ್ತಿ ಕಟ್ಟಿ ಮುಗಿಸಿದ ಸಾಲ ಎಂದಲ್ಲ, ‘ಸೆಟಲ್ಡ್’ ಎಂದೇ ಕಾಣುತ್ತದೆ. ಮುಂದಿನ ಸಾಲಕ್ಕೆ ಅದು ತೊಡಕಾಗಬಹುದು, ಇದನ್ನು ವಸೂಲಿಯವರು ಬಾಯಿಬಿಟ್ಟು ಹೇಳುವುದಿಲ್ಲ.

ಮತ್ತೆ, ಪತ್ರ ಇಂಗ್ಲಿಷಿನಲ್ಲಿ ಯಾಕೆ? ಫೈನಾನ್ಸ್ ಕಂಪನಿಗಳು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲೇ ಬರೆಯಬೇಕು ಎಂದು ರಿಸರ್ವ್ ಬ್ಯಾಂಕಿನ ನ್ಯಾಯಯುತ ವ್ಯವಹಾರ ಸಂಹಿತೆ ಹೇಳುತ್ತದೆ. ಕನ್ನಡದ ಪ್ರತಿ ಕೊಡುವವರೆಗೆ ಸಹಿ ಹಾಕುವುದಿಲ್ಲ ಅನ್ನಿ.