ಪ್ರಯೋಗಕ್ಕೆ ಮೊದಲೇ ಬರೆದಿಡಬೇಕಾದ ಕೊನೆ

ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ಯಂತ್ರಕಲಿಕೆಯ ಕ್ಷೇತ್ರದಲ್ಲಿ ದುಡಿಯುತ್ತಿದ್ದಾರೆ. ಬಿಡುವಿನಲ್ಲಿ ಕನ್ನಡಕ್ಕಾಗಿ ಸಣ್ಣಪುಟ್ಟ ಮಾದರಿಗಳನ್ನು ಕಟ್ಟುವವರೂ ಇದ್ದಾರೆ. ಇಂಥ ಕೆಲಸದಲ್ಲಿ ಪ್ರತಿಯೊಂದು ಪ್ರಯೋಗವನ್ನೂ ಒಂದು ಕಾರ್ಯವೆಂದು ದಾಖಲಿಸಬೇಕು, ಅದು ಎಲ್ಲಿ ನಿಲ್ಲಬೇಕೆಂಬುದನ್ನು ಆರಂಭಿಸುವ ಮುನ್ನವೇ ಬರೆದಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತರಬೇತಿ ನಡೆಯುತ್ತಿರುವಾಗ ಪರದೆಯ ಮೇಲಿನ ಗೆರೆಯನ್ನು ನೋಡುತ್ತ ತೆಗೆದುಕೊಳ್ಳುವ ನಿರ್ಧಾರದಲ್ಲಿ ಅರ್ಧ ಪಾಲು ಆಸೆಯೇ ಇರುತ್ತದೆ.

ನಮಗೆ ಹತ್ತಿರವಾದ ಒಂದು ಉದಾಹರಣೆಯನ್ನೇ ನೋಡೋಣ. ವಿನಯ್ ಪ್ರಭು ಅವರು 2019ರಲ್ಲಿ ಪ್ರಕಟಿಸಿದ ಕನ್ನಡ-ಎಂನಿಸ್ಟ್ ಎಂಬ ದತ್ತಾಂಶದಲ್ಲಿ ಕೈಬರಹದ ಕನ್ನಡ ಅಂಕಿಗಳ ಚಿತ್ರಗಳಿವೆ: ತರಬೇತಿಗೆ 60,000, ಪರೀಕ್ಷೆಗೆ 10,000. ಇವು ಬೆಂಗಳೂರಿನ ಸ್ವಯಂಸೇವಕರ ಬರಹ. ಇದರೊಡನೆ ಡಿಗ್-ಎಂನಿಸ್ಟ್ ಎಂಬ 10,240 ಚಿತ್ರಗಳ ಇನ್ನೊಂದು ಪರೀಕ್ಷಾ ಸಂಗ್ರಹವಿದೆ. ಅದನ್ನು ಬರೆದವರು ಕನ್ನಡ ಲಿಪಿಯ ರೂಢಿಯಿಲ್ಲದವರು. ಮೊದಲನೆಯ ಪರೀಕ್ಷೆಯಲ್ಲಿ ಶೇಕಡ 97ರಷ್ಟು ಸರಿಯಾಗಿ ಓದಿದ ಮಾದರಿ ಎರಡನೆಯದರಲ್ಲಿ ಸುಮಾರು 76ಕ್ಕೆ ಇಳಿಯಿತು. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳ ಬರಹವೂ ಈ ಎರಡನೆಯ ಬಗೆಗೇ ಹತ್ತಿರ ಎಂಬುದನ್ನು ಇಲ್ಲಿ ಪಿಸುಮಾತಿನಲ್ಲಿ ಹೇಳಬಹುದು.

ಈ ಕುಸಿತವನ್ನು ತಗ್ಗಿಸಲು ತರಬೇತಿಯ ಚಿತ್ರಗಳನ್ನು ಅತ್ತಿತ್ತ 15 ಡಿಗ್ರಿಯವರೆಗೆ ಓರೆಯಾಗಿಸಿ ಕಲಿಸಿದರೆ ಪ್ರಯೋಜನವಾದೀತೇ? ಪ್ರಶ್ನೆ ಒಂದೇ, ಬದಲಾವಣೆಯೂ ಒಂದೇ. ಕಾರ್ಯದ ಚೀಟಿ ಹೀಗಿರಲಿ:

```
question:  rotate 15 -> dig_acc +2.0 ?
change:    augment.rotate=15
seeds:     1,2,3,4,5
run_stop:  val_loss patience=5, max_epochs=40
task_stop: all seeds done, or 6 GPU hours
result:    yes | no | undecided
```

ಇಲ್ಲಿ ಎರಡು ಬಗೆಯ ನಿಲುಗಡೆಗಳಿರುವುದನ್ನು ಓದುಗರು ಗಮನಿಸಬೇಕು. ಒಂದು, ಒಂದೊಂದು ಓಟದ ನಿಲುಗಡೆ: ಬದಿಗಿಟ್ಟ ಚಿತ್ರಗಳ ಮೇಲಿನ ದೋಷ ಸತತ ಐದು ಸುತ್ತುಗಳಲ್ಲಿ ತಗ್ಗದಿದ್ದರೆ ಆ ಓಟ ಮುಗಿಯಿತು. ಇದನ್ನು ಮಾಡುವ ಸೌಲಭ್ಯ ಹಲವು ತಂತ್ರಾಂಶಗಳಲ್ಲಿದೆ. ಇನ್ನೊಂದು, ಇಡೀ ಕಾರ್ಯದ ನಿಲುಗಡೆ. ಇದನ್ನು ಯಾವ ತಂತ್ರಾಂಶವೂ ನಮಗಾಗಿ ನಿರ್ಧರಿಸುವುದಿಲ್ಲ. ಬರೆಯದೆ ಬಿಡುವುದೂ ಇದನ್ನೇ.

ಎರಡು ಅಂಶಗಳ ಹೆಚ್ಚಳವೇ ಏಕೆ? ಡಿಗ್-ಎಂನಿಸ್ಟನ್ನು ಎರಡು ಪಾಲು ಮಾಡಿ, ಅರ್ಧವನ್ನು ಇಂಥ ನಿರ್ಧಾರಗಳಿಗೆ ಬಳಸಿ, ಉಳಿದರ್ಧವನ್ನು ಕೊನೆಯವರೆಗೂ ಮುಟ್ಟದೆ ಇಡಬೇಕೆಂಬುದು ನನ್ನ ಸಲಹೆ. ಪ್ರತಿ ಬಾರಿಯೂ ಪರೀಕ್ಷೆಯನ್ನು ನೋಡಿಯೇ ಮಾದರಿಯನ್ನು ಆರಿಸಿದರೆ ಅದು ಪರೀಕ್ಷೆಯಾಗಿ ಉಳಿಯುವುದಿಲ್ಲ. 5,120 ಚಿತ್ರಗಳ ಮೇಲೆ ಶೇಕಡ 76ರ ಸುಮಾರಿನ ನಿಖರತೆಯನ್ನು ಅಳೆದಾಗ, ಆ ಚಿತ್ರಗಳ ಆಯ್ಕೆಯೊಂದರಿಂದಲೇ ಸುಮಾರು 0.6 ಅಂಶದಷ್ಟು ಅನಿಶ್ಚಿತತೆ ಇರುತ್ತದೆ. ಸೀಡ್ ಬದಲಾದಾಗ, ಅಂದರೆ ಮಾದರಿಯ ಆರಂಭದ ಯಾದೃಚ್ಛಿಕ ಸ್ಥಿತಿ ಬದಲಾದಾಗ ಬರುವ ಏರಿಳಿತ ಬೇರೆಯೇ ಇದೆ. ಆದ್ದರಿಂದ ಅರ್ಧ ಅಂಶದ ಹೆಚ್ಚಳವನ್ನು ಸಾಧನೆಯೆಂದು ಕರೆಯಲಾಗದು.

ಫಲಿತಾಂಶ ಬಂದಿತೆನ್ನೋಣ. ಈ ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡವು. ಓರೆಯಾಗಿಸದ ಐದು ಓಟಗಳು: 75.1, 76.8, 74.9, 76.2, 75.5. ಸರಾಸರಿ 75.7. ಓರೆಯಾಗಿಸಿದವು: 77.4, 75.8, 76.9, 75.2, 76.7. ಸರಾಸರಿ 76.4. ಮೊದಲ ಸೀಡ್ ಒಂದನ್ನೇ ನೋಡಿದವರಿಗೆ 75.1 ಇದ್ದದ್ದು 77.4 ಆಗಿದೆ, ಅವರು ಅಂದೇ ಸಹೋದ್ಯೋಗಿಗಳಿಗೆ ಶುಭವಾರ್ತೆ ಕಳುಹಿಸುತ್ತಾರೆ. ಐದನ್ನೂ ನೋಡಿದರೆ ಹೆಚ್ಚಳ 0.7 ಮಾತ್ರ. ಚೀಟಿಯ ಉತ್ತರ `no`. ಕಾರ್ಯ ಮುಗಿಯಿತು. "ಇನ್ನೊಂದಿಷ್ಟು ಸೀಡ್ ಓಡಿಸಿ ನೋಡೋಣ" ಎಂಬ ಪ್ರಲೋಭನೆ ಹುಟ್ಟುವುದು ಈ ಗಳಿಗೆಯಲ್ಲೇ. ಚೀಟಿಯನ್ನು ಮೊದಲೇ ಬರೆದಿರಬೇಕಾದದ್ದೂ ಈ ಗಳಿಗೆಗಾಗಿಯೇ. ಒಲ್ಲದ ಫಲಿತಾಂಶ ಬಂದಾಗ ಮಾತ್ರ ಓಟಗಳನ್ನು ಹೆಚ್ಚಿಸುವವನು ಎಂದಾದರೊಂದು ದಿನ ತನಗೆ ಬೇಕಾದ ಅಂಕಿಯನ್ನು ಪಡೆದೇ ಪಡೆಯುತ್ತಾನೆ.

ದಾಖಲೆಯಲ್ಲಿ ಐದು ಅಂಕಿಗಳೂ ಇರಬೇಕು, ಸರಾಸರಿಯೊಂದೇ ಸಾಲದು. ಸಂಕೇತದ ಯಾವ ಆವೃತ್ತಿ, ದತ್ತಾಂಶದ ಯಾವ ಪಾಲು ಎಂಬುದೂ ಬೇಕು. ನಡುವೆ ದೋಷದ ಬೆಲೆ `NaN` ಆಗಿ ಕೆಟ್ಟುಹೋದ ಓಟವನ್ನು ಅಳಿಸಬಾರದು. ಕಾರಣ ಬರೆದು, ಸರಿಪಡಿಸಿ, ಅದೇ ಸೀಡಿನಿಂದ ಮತ್ತೆ ಓಡಿಸಬೇಕು. ಆರು ಗಂಟೆಗಳಲ್ಲಿ ಮೂರೇ ಓಟ ಮುಗಿದಿದ್ದರೆ `undecided` ಎಂದು ಬರೆಯಲು ಸಂಕೋಚಪಡಬೇಕಿಲ್ಲ. ಮೂರು ತಿಂಗಳ ಅನಂತರ ತಂಡಕ್ಕೆ ಸೇರಿದವರು "ಓರೆಯಾಗಿಸಿ ನೋಡಿದ್ದೀರಾ?" ಎಂದು ಕೇಳುವುದು ಖಂಡಿತ.

ಇದಕ್ಕೊಂದು ಗಂಭೀರ ಆಕ್ಷೇಪವಿದೆ. 2022ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಗ್ರೋಕಿಂಗ್ ಎಂಬ ವಿದ್ಯಮಾನವನ್ನು ವಿವರಿಸಿತು: ಸಣ್ಣ ಗಣಿತದ ದತ್ತಾಂಶಗಳಲ್ಲಿ, ಮಾದರಿ ತರಬೇತಿಯ ಉದಾಹರಣೆಗಳನ್ನು ಬಾಯಿಪಾಠ ಮಾಡಿದ ಬಹುಕಾಲದ ಮೇಲೆ, ಕಾಣದ ಉದಾಹರಣೆಗಳಲ್ಲೂ ಅದರ ನಿಖರತೆ ಥಟ್ಟನೆ ಏರಿತು. ಐದು ಸುತ್ತುಗಳ ತಾಳ್ಮೆಯ ನಿಯಮ ಅದನ್ನು ಎಂದೂ ಕಾಣಗೊಡುತ್ತಿರಲಿಲ್ಲ. ಒಪ್ಪತಕ್ಕ ಮಾತು. ಆದರೆ ದೀರ್ಘಕಾಲ ಓಡಿಸಿದರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಎಷ್ಟು ಸುತ್ತು, ಎಷ್ಟು ಗಂಟೆ ಎಂದು ನಮೂದಿಸಿ ಬೇರೆ ಚೀಟಿಯನ್ನೇ ತೆರೆಯಬೇಕು. ಓರೆ ಚಿತ್ರಗಳ ಚೀಟಿಯನ್ನು ಅದಕ್ಕಾಗಿ ತೆರೆದಿಡುವ ಅಗತ್ಯವಿಲ್ಲ.